ರಾತ್ರಿ ಓಡುವ ಸ್ಕ್ರಿಪ್ಟ್‌ಗೂ ಒಂದು ಪಾಸ್‌ವರ್ಡ್

ಯಾವುದೇ ಸಂಸ್ಥೆಯ ಡೇಟಾಬೇಸಿಗೆ ದಿನವೂ ಲಾಗಿನ್ ಆಗುವವರ ಪಟ್ಟಿ ತೆಗೆದರೆ ಅದರಲ್ಲಿ ಸಿಬ್ಬಂದಿಯ ಹೆಸರುಗಳ ನಡುವೆ ಯಾರದ್ದೂ ಅಲ್ಲದ ಕೆಲವು ಹೆಸರುಗಳು ಕಾಣುತ್ತವೆ. ರಾತ್ರಿ ಬ್ಯಾಕಪ್ ತೆಗೆಯುವ ಸ್ಕ್ರಿಪ್ಟ್, ಬೆಳಗಿನ ಜಾವ ಲೆಕ್ಕದ ವರದಿ ಸಿದ್ಧಪಡಿಸುವ ಪ್ರೋಗ್ರಾಂ, ತಿಂಗಳ ಕೊನೆಗೆ ಬಿಲ್ಲುಗಳನ್ನು ಇಮೇಲ್ ಮಾಡುವ ಇನ್ನೊಂದು ಪ್ರೋಗ್ರಾಂ, ಹೀಗೆ ಇವೆಲ್ಲ ತಮ್ಮಷ್ಟಕ್ಕೆ ತಾವೇ ಎದ್ದು, ಲಾಗಿನ್ ಆಗಿ, ಕೆಲಸ ಮುಗಿಸಿ ಹೋಗುತ್ತವೆ. ಇಂಥ ಕೆಲಸಕ್ಕೆಂದೇ ತೆರೆದ ಖಾತೆಗೆ ಸರ್ವಿಸ್ ಅಕೌಂಟ್ ಎನ್ನುತ್ತಾರೆ.

ಈ ಖಾತೆಗಳ ಪಾಸ್‌ವರ್ಡ್ ಕಾಯುವುದು ಮನುಷ್ಯರ ಪಾಸ್‌ವರ್ಡ್ ಕಾಯುವುದಕ್ಕಿಂತ ಬೇರೆಯದೇ ಕೆಲಸ. ಮನುಷ್ಯ ಪಾಸ್‌ವರ್ಡನ್ನು ನೆನಪಿನಲ್ಲಿ ಇಟ್ಟುಕೊಳ್ಳಬಲ್ಲ, ಮೊಬೈಲಿಗೆ ಬಂದ ಒಟಿಪಿಯನ್ನು ಟೈಪ್ ಮಾಡಬಲ್ಲ. ಸ್ಕ್ರಿಪ್ಟ್‌ಗೆ ಎರಡೂ ಸಾಧ್ಯವಿಲ್ಲ. ಅದರ ಪಾಸ್‌ವರ್ಡ್ ಎಲ್ಲಾದರೂ ಒಂದು ಕಡೆ, ಅದು ಓದಿಕೊಳ್ಳುವಂತೆ ಬರೆದಿಟ್ಟಿರಲೇಬೇಕು. ಅಪರಿಚಿತ ಸಮಯದಲ್ಲಿ ತನ್ನ ಖಾತೆಗೆ ಯಾರೋ ಲಾಗಿನ್ ಆದರೆ ಮನುಷ್ಯನಿಗೆ ಅನುಮಾನ ಬಂದೀತು, ಸ್ಕ್ರಿಪ್ಟ್‌ಗೆ ಬಾರದು. ಸ್ಕ್ರಿಪ್ಟ್ ಕೆಲಸ ಬಿಟ್ಟು ಹೋಗುವುದೂ ಇಲ್ಲ. ಅದನ್ನು ಬರೆದ ನೌಕರ ಸಂಸ್ಥೆ ಬಿಟ್ಟು ವರ್ಷಗಳಾದರೂ ಅವನು ಕೊಟ್ಟ ಪಾಸ್‌ವರ್ಡ್ ಹಾಗೆಯೇ ಚಾಲ್ತಿಯಲ್ಲಿರುತ್ತದೆ. ಆದ್ದರಿಂದ ಇಲ್ಲಿ ರಕ್ಷಣೆ ನಿಂತಿರುವುದು ಎರಡು ಸಂಗತಿಗಳ ಮೇಲೆ. ಪಾಸ್‌ವರ್ಡ್ ಕಳುವಾದರೆ ಕದ್ದವನ ಕೈಗೆ ಎಷ್ಟು ಅಧಿಕಾರ ಸಿಗುತ್ತದೆ ಎಂಬುದು ಒಂದು. ಆ ಪಾಸ್‌ವರ್ಡ್ ಎಷ್ಟು ದಿನ ನಡೆಯುತ್ತದೆ ಎಂಬುದು ಇನ್ನೊಂದು.

ಒಂದು ಸಾಲಿನಲ್ಲಿ ಎಷ್ಟು ತಪ್ಪು

ಮಾರಾಟದ ಲೆಕ್ಕ ಇಟ್ಟಿರುವ `sales` ಎಂಬ ಪೋಸ್ಟ್‌ಗ್ರೆಸ್ ಡೇಟಾಬೇಸನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಡೇಟಾಬೇಸ್ ಒಂದು ಯಂತ್ರದಲ್ಲಿದೆ, ಬ್ಯಾಕಪ್ ಇನ್ನೊಂದು ಲಿನಕ್ಸ್ ಯಂತ್ರದಲ್ಲಿ ನಡೆಯುತ್ತದೆ. ಅನೇಕ ಕಡೆ ಈ ಕೆಲಸ ರೂಟ್ ಖಾತೆಯ ಕ್ರಾನ್ ಪಟ್ಟಿಯಲ್ಲಿ ಹೀಗೆ ಒಂದೇ ಸಾಲಿನಲ್ಲಿ ಇರುತ್ತದೆ:

```
15 2 * * * pg_dump "postgresql://postgres:Sales2019@10.20.0.5/sales" | gzip > /backup/sales-$(date +\%F).sql.gz
```

ಪ್ರತಿದಿನ ರಾತ್ರಿ 2 ಗಂಟೆ 15 ನಿಮಿಷಕ್ಕೆ ಡೇಟಾಬೇಸಿನ ನಕಲು ತೆಗೆದು, ಕುಗ್ಗಿಸಿ, ಅಂದಿನ ದಿನಾಂಕದ ಹೆಸರಿನ ಫೈಲಿನಲ್ಲಿ ಇಡು ಎಂಬುದು ಇದರ ಅರ್ಥ. ಕೆಲಸವೇನೋ ಆಗುತ್ತದೆ. ಆದರೆ ಪಾಸ್‌ವರ್ಡ್ ಎಲ್ಲೆಲ್ಲಿ ಹರಡಿತು ಎಂದು ನೋಡಬೇಕು.

ಕ್ರಾನ್ ಪಟ್ಟಿಯ ಫೈಲನ್ನು ಬೇರೆ ಬಳಕೆದಾರರು ತೆರೆಯಲಾರರು, ನಿಜ. ಆದರೆ ಕೆಲಸ ನಡೆಯುತ್ತಿರುವಷ್ಟು ಹೊತ್ತು ಅದೇ ಯಂತ್ರದಲ್ಲಿ ಯಾರು ಬೇಕಾದರೂ `ps aux` ಎಂದು ಟೈಪ್ ಮಾಡಿದರೆ ಸಾಮಾನ್ಯವಾಗಿ ಆ ಇಡೀ ಸಾಲು, ಪಾಸ್‌ವರ್ಡ್ ಸಮೇತ, ಪರದೆಯ ಮೇಲೆ ಬರುತ್ತದೆ. ಬ್ಯಾಕಪ್‌ಗೆ ಅರ್ಧ ಗಂಟೆ ಹಿಡಿದರೆ ಅರ್ಧ ಗಂಟೆ ಅದು ಎಲ್ಲರಿಗೂ ತೆರೆದಿರುತ್ತದೆ. ಇದಕ್ಕಿಂತ ಕಡಿಮೆ ಜನರ ಗಮನಕ್ಕೆ ಬರುವುದು ಲಾಗ್ ಫೈಲು. ಕ್ರಾನ್ ತಾನು ಓಡಿಸುವ ಪ್ರತಿ ಕಮಾಂಡನ್ನೂ ವ್ಯವಸ್ಥೆಯ ಲಾಗಿನಲ್ಲಿ ಬರೆದಿಡುತ್ತದೆ. ಎಲ್ಲ ಸರ್ವರ್‌ಗಳ ಲಾಗುಗಳನ್ನು ಒಂದೆಡೆ ಸೇರಿಸುವ ಏರ್ಪಾಡು ಇದ್ದರೆ ಪಾಸ್‌ವರ್ಡ್ ಪ್ರತಿ ರಾತ್ರಿ ಅಲ್ಲಿಗೂ ಹೋಗಿ ಕೂರುತ್ತದೆ. ಈ ಸಾಲನ್ನು ಗಿಟ್‌ನಲ್ಲಿ ಉಳಿಸಿದ್ದರೆ, ಮುಂದೆ ಅಳಿಸಿದರೂ ಹಳೆಯ ಆವೃತ್ತಿಗಳ ಇತಿಹಾಸದಲ್ಲಿ ಅದು ಉಳಿದೇ ಇರುತ್ತದೆ. ಒಮ್ಮೆ ಗಿಟ್ ಸೇರಿದ ಪಾಸ್‌ವರ್ಡ್ ಬಯಲಾಯಿತೆಂದೇ ಎಣಿಸಿ ಬದಲಾಯಿಸುವುದೊಂದೇ ದಾರಿ.

ಎಲ್ಲಕ್ಕಿಂತ ದೊಡ್ಡ ದೋಷ `postgres` ಎಂಬ ಹೆಸರು. ಅದು ಆ ಡೇಟಾಬೇಸ್ ಸರ್ವರಿನ ಸೂಪರ್‌ಯೂಸರ್, ಅಂದರೆ ಸರ್ವಾಧಿಕಾರವುಳ್ಳ ಖಾತೆ. ನಕಲು ತೆಗೆಯಲು ಬೇಕಾದದ್ದು ಓದುವ ಅಧಿಕಾರ ಮಾತ್ರ. ಈ ಸ್ಕ್ರಿಪ್ಟ್‌ಗೆ ಸಿಕ್ಕಿರುವುದು ಯಾವ ಟೇಬಲ್ಲನ್ನಾದರೂ ಅಳಿಸುವ, ಹೊಸ ಖಾತೆ ತೆರೆಯುವ, ಡೇಟಾಬೇಸ್ ಯಂತ್ರದಲ್ಲೇ ಬೇರೆ ಕಮಾಂಡುಗಳನ್ನು ಓಡಿಸುವ ಅಧಿಕಾರ.

ಬೇಕಾದಷ್ಟೇ ಅಧಿಕಾರ

ಪ್ರತಿ ಪ್ರೋಗ್ರಾಂಗೂ ತನ್ನ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಇರಬೇಕು ಎಂಬ ಸೂತ್ರವನ್ನು ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ 1975ರಲ್ಲೇ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ನಿರೂಪಿಸಿದ್ದರು. ಕನಿಷ್ಠ ಅಧಿಕಾರದ ತತ್ವ ಎಂದು ಕರೆಯುವುದು ಇದನ್ನೇ. ಇದನ್ನು ಮೀರಿದರೆ ಏನಾಗುತ್ತದೆ ಎಂಬುದಕ್ಕೆ ಊಬರ್ ಕಂಪನಿಯ ಪ್ರಕರಣವಿದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ದಾಖಲಿಸಿದಂತೆ, 2014ರ ವರೆಗೆ ಅಲ್ಲಿನ ಎಂಜಿನಿಯರ್‌ಗಳೂ ಪ್ರೋಗ್ರಾಂಗಳೂ ಅಮೆಜಾನ್ ಕ್ಲೌಡ್ ಸಂಗ್ರಹಕ್ಕೆ ಪೂರ್ಣ ಅಧಿಕಾರವಿದ್ದ ಒಂದೇ ಕೀಯನ್ನು ಹಂಚಿಕೊಂಡು ಬಳಸುತ್ತಿದ್ದರು. ಆ ವರ್ಷ ಎಂಜಿನಿಯರ್ ಒಬ್ಬರು ಗಿಟ್‌ಹಬ್‌ನಲ್ಲಿ ಸಾರ್ವಜನಿಕವಾಗಿ ಹಾಕಿದ ಕೋಡಿನೊಳಗೆ ಒಂದು ಕೀ ಸೇರಿಹೋಯಿತು. ಅದನ್ನು ಬಳಸಿ ಒಳಬಂದವರಿಗೆ ಒಂದು ಲಕ್ಷಕ್ಕೂ ಹೆಚ್ಚು ಚಾಲಕರ ಹೆಸರು ಮತ್ತು ಲೈಸೆನ್ಸ್ ಸಂಖ್ಯೆಗಳು ಸಿಕ್ಕವು.

ಬ್ಯಾಕಪ್ ಸ್ಕ್ರಿಪ್ಟ್‌ಗೆ ಈ ತತ್ವವನ್ನು ಅನ್ವಯಿಸುವಾಗ ಅದು ಏನು ಮಾಡಬಹುದು, ಎಲ್ಲಿಂದ ಮಾಡಬಹುದು ಎಂದು ಬೇರೆಬೇರೆಯಾಗಿ ಕಟ್ಟುಹಾಕಬೇಕು. ಮೊದಲಿಗೆ ಆ ಕೆಲಸಕ್ಕೆಂದೇ ಡೇಟಾಬೇಸಿನಲ್ಲಿ ಪ್ರತ್ಯೇಕ ಖಾತೆ ತೆರೆಯಬೇಕು. ಪೋಸ್ಟ್‌ಗ್ರೆಸ್ 14ನೇ ಆವೃತ್ತಿಯಿಂದ ಈಚೆಗೆ ಎಲ್ಲ ಟೇಬಲ್ಲುಗಳನ್ನು ಓದಲು ಮಾತ್ರ ಬಿಡುವ ಸಿದ್ಧ ಅಧಿಕಾರ ಇದೆ:

```
CREATE ROLE backup_a LOGIN CONNECTION LIMIT 2;
GRANT pg_read_all_data TO backup_a;
\password backup_a
```

ಮೂರನೆಯ ಸಾಲು ಪಾಸ್‌ವರ್ಡನ್ನು ಕೇಳಿ, ಅದನ್ನು ಗೂಢರೂಪಕ್ಕೆ ತಿರುಗಿಸಿ ಸರ್ವರಿಗೆ ಕಳುಹಿಸುತ್ತದೆ. ಹೀಗಾಗಿ ಅಸಲು ಪಾಸ್‌ವರ್ಡ್ ಸರ್ವರಿನ ಲಾಗಿನಲ್ಲಿ ಬೀಳುವುದಿಲ್ಲ. ಪಾಸ್‌ವರ್ಡನ್ನು ಯಾರೂ ಯೋಚಿಸಿ ಹುಟ್ಟಿಸಬೇಕಾಗಿಲ್ಲ. `openssl rand -hex 32` ಎಂಬ ಕಮಾಂಡ್ 64 ಅಕ್ಷರಗಳ ಅರ್ಥವಿಲ್ಲದ ಸಾಲೊಂದನ್ನು ಕೊಡುತ್ತದೆ. ಯಾರೂ ನೆನಪಿಡಬೇಕಾಗಿಲ್ಲದ್ದರಿಂದ ಅದು ಎಷ್ಟು ಉದ್ದವಿದ್ದರೂ ನಡೆಯುತ್ತದೆ.

ಈ ಖಾತೆಗೆ ಒಂದು ಮಿತಿ ಇದೆ. ಕೆಲವು ಟೇಬಲ್ಲುಗಳಲ್ಲಿ ಯಾರು ಯಾವ ಸಾಲುಗಳನ್ನು ನೋಡಬಹುದು ಎಂಬ ನಿಯಮ ಹಾಕಿದ್ದರೆ `pg_dump` ಅರೆಬರೆ ನಕಲು ಕೊಡುವುದಿಲ್ಲ, ದೋಷ ತೋರಿಸಿ ನಿಂತುಬಿಡುತ್ತದೆ. ಆಗ ಖಾತೆಗೆ `BYPASSRLS` ಎಂಬ ಒಂದು ಅಧಿಕಾರವನ್ನು ಸೇರಿಸಿದರೆ ಸಾಕು. ಅಡಚಣೆ ಬಂತೆಂದು ಸೂಪರ್‌ಯೂಸರ್‌ಗೆ ಮರಳುವುದು ಸಾಮಾನ್ಯವಾಗಿ ಎಲ್ಲರೂ ಮಾಡುವ ತಪ್ಪು.

ಓದಲು ಮಾತ್ರ ಬಿಟ್ಟರೂ ಈ ಖಾತೆ ಇಡೀ ಡೇಟಾಬೇಸನ್ನು ಓದುತ್ತದೆ. ಕದ್ದವನು ಏನನ್ನೂ ಅಳಿಸಲಾರ, ಆದರೆ ಎಲ್ಲವನ್ನೂ ಒಯ್ಯಬಲ್ಲ. ಹಾಗಾಗಿ ಎಲ್ಲಿಂದ ಲಾಗಿನ್ ಆಗಬಹುದು ಎಂಬುದಕ್ಕೂ ಬೇಲಿ ಬೇಕು. `pg_hba.conf` ಎಂಬ ಫೈಲಿನಲ್ಲಿ ಅದನ್ನು ಹೀಗೆ ಬರೆಯಬಹುದು:

```
hostssl  sales  backup_a,backup_b  10.20.0.15/32  scram-sha-256
host     all    backup_a,backup_b  all            reject
```

ಮೊದಲ ಸಾಲು ಬ್ಯಾಕಪ್ ಯಂತ್ರದ ವಿಳಾಸದಿಂದ ಮಾತ್ರ, ಗೂಢಲಿಪಿಯ ಸಂಪರ್ಕದ ಮೂಲಕ, `sales` ಡೇಟಾಬೇಸಿಗೆ ಪ್ರವೇಶ ಕೊಡುತ್ತದೆ. ಎರಡನೆಯ ಸಾಲನ್ನು ಹಲವರು ಮರೆಯುತ್ತಾರೆ. ಪೋಸ್ಟ್‌ಗ್ರೆಸ್ ಈ ಫೈಲನ್ನು ಮೇಲಿನಿಂದ ಓದುತ್ತ, ಹೊಂದುವ ಮೊದಲ ಸಾಲನ್ನೇ ಪಾಲಿಸುತ್ತದೆ. ಕೆಳಗೆಲ್ಲೋ ಎಲ್ಲ ಬಳಕೆದಾರರಿಗೂ ಎಲ್ಲ ಕಡೆಯಿಂದಲೂ ಪ್ರವೇಶ ಎಂಬ ಹಳೆಯ ಸಾಲೊಂದು ಉಳಿದಿದ್ದರೆ, ಬೇರೆ ಯಂತ್ರದಿಂದ ಬಂದ `backup_a` ಅಲ್ಲಿಗೆ ಹೊಂದಿಕೊಂಡು ಒಳಗೆ ಬಂದುಬಿಡುತ್ತದೆ. ಆದ್ದರಿಂದ ಈ ಎರಡೂ ಸಾಲುಗಳು ಅಂಥ ಸಾಲಿಗಿಂತ ಮೇಲೆಯೇ ಇರಬೇಕು. `backup_b` ಎಂಬ ಎರಡನೆಯ ಹೆಸರು ಏಕೆ ಎಂಬುದು ಮುಂದೆ ತಿಳಿಯುತ್ತದೆ.

ಬ್ಯಾಕಪ್ ಯಂತ್ರದಲ್ಲೂ ಸ್ಕ್ರಿಪ್ಟ್ ಓಡಬೇಕಾದದ್ದು ರೂಟ್ ಆಗಿ ಅಲ್ಲ, `dbbackup` ಎಂಬಂಥ ಪ್ರತ್ಯೇಕ ಖಾತೆಯಲ್ಲಿ. ಪಾಸ್‌ವರ್ಡ್ ಆ ಖಾತೆಯ `.pgpass` ಫೈಲಿಗೆ ಹೋಗುತ್ತದೆ. ಆ ಫೈಲನ್ನು ಒಡೆಯ ಮಾತ್ರ ಓದುವಂತೆ `chmod 600` ಮಾಡದಿದ್ದರೆ ಪೋಸ್ಟ್‌ಗ್ರೆಸ್‌ನ ಪ್ರೋಗ್ರಾಂಗಳು ಎಚ್ಚರಿಕೆ ಕೊಟ್ಟು ಅದನ್ನು ಬಳಸದೇ ಬಿಡುತ್ತವೆ. ಈಗ ಕಮಾಂಡಿನಲ್ಲಿ ಪಾಸ್‌ವರ್ಡ್ ಇಲ್ಲ, `ps`ನಲ್ಲಿ ಇಲ್ಲ, ಲಾಗಿನಲ್ಲಿಯೂ ಇಲ್ಲ. ಬ್ಯಾಕಪ್ ಯಂತ್ರದ ರೂಟ್ ಅಧಿಕಾರ ಗಳಿಸಿದವನಿಂದ ಮಾತ್ರ ಇದು ಕಾಪಾಡುವುದಿಲ್ಲ. ಸ್ಕ್ರಿಪ್ಟ್ ಓದುವ ಯಾವುದನ್ನೂ ರೂಟ್ ಓದಬಲ್ಲ.

ನಕಲನ್ನು ಅಮೆಜಾನ್‌ನ ಎಸ್3 ಸಂಗ್ರಹಕ್ಕೆ ಕಳುಹಿಸುವುದಾದರೆ ಅದಕ್ಕೂ ಒಂದು ಕೀ ಬೇಕಾಗುತ್ತದೆ. ಅದಕ್ಕೆ `s3:PutObject` ಎಂಬ ಒಂದೇ ಅನುಮತಿ, ಒಂದೇ ಫೋಲ್ಡರಿಗೆ ಮಾತ್ರ ಕೊಟ್ಟರೆ ಸಾಕು. ಆಗ ಸ್ಕ್ರಿಪ್ಟ್ ಹೊಸ ಫೈಲು ಹಾಕಬಲ್ಲದು, ಹಳೆಯ ನಕಲುಗಳನ್ನು ಓದಲಾರದು, ಅಳಿಸಲಾರದು. ಆದರೆ ಅದೇ ಹೆಸರಿನಲ್ಲಿ ಬೇರೆ ಫೈಲು ಹಾಕಿ ಹಳೆಯದನ್ನು ಮುಚ್ಚಿಹಾಕಲು ಈ ಅನುಮತಿಯೇ ಸಾಕಾಗುತ್ತದೆ. ಹಾಗಾಗಿ ಸಂಗ್ರಹದ ಕಡೆ ಹಳೆಯ ಆವೃತ್ತಿಗಳನ್ನು ಉಳಿಸುವ ವರ್ಷನಿಂಗ್ ವ್ಯವಸ್ಥೆ ಚಾಲೂ ಇರಬೇಕು.

ಬದಲಾಯಿಸುವುದು ಏಕೆ

ಮನುಷ್ಯರ ಪಾಸ್‌ವರ್ಡನ್ನು ಪದೇ ಪದೇ ಬದಲಾಯಿಸಬೇಕು ಎಂಬ ಹಳೆಯ ನಿಯಮವನ್ನು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರ ಮಾರ್ಗಸೂಚಿಯಲ್ಲಿ ಕೈಬಿಟ್ಟಿತು. ಬಲವಂತವಾಗಿ ಬದಲಾಯಿಸಿದರೆ ಜನ ಹಳೆಯ ಪಾಸ್‌ವರ್ಡಿನ ಕೊನೆಯಲ್ಲಿ ಒಂದು ಅಂಕಿ ಬದಲಿಸಿ ಸುಮ್ಮನಾಗುತ್ತಾರೆ. ಸ್ಕ್ರಿಪ್ಟ್‌ಗಳ ವಿಷಯದಲ್ಲಿ ಆ ವಾದ ನಿಲ್ಲುವುದಿಲ್ಲ. ಅವುಗಳ ಪಾಸ್‌ವರ್ಡನ್ನು ಯಂತ್ರವೇ ಹುಟ್ಟಿಸುತ್ತದೆ, ಹೊಸದು ಹಳೆಯದಕ್ಕೆ ಹೋಲುವುದಿಲ್ಲ. ಅವು ಫೈಲುಗಳಲ್ಲಿ ಇರುವುದರಿಂದ ಆ ಫೈಲುಗಳ ಹಳೆಯ ನಕಲುಗಳು, ಯಂತ್ರದ ಬ್ಯಾಕಪ್‌ಗಳು, ಬಿಟ್ಟುಹೋದ ನೌಕರರ ಲ್ಯಾಪ್‌ಟಾಪ್‌ಗಳು, ಇಲ್ಲೆಲ್ಲ ಯಾರಿಗೂ ತಿಳಿಯದಂತೆ ಉಳಿಯುತ್ತವೆ. ನಿಯತವಾಗಿ ಬದಲಾಯಿಸಿದರೆ ಆ ಹಳೆಯ ನಕಲುಗಳೆಲ್ಲ ನಿರರ್ಥಕವಾಗುತ್ತವೆ. ರೊಟೇಶನ್ ಎನ್ನುವುದು ಇದಕ್ಕೇ.

ಇದರಿಂದ ಇನ್ನೊಂದು ಲಾಭವೂ ಇದೆ. ಪಾಸ್‌ವರ್ಡ್ ಬದಲಾಯಿಸಲು ಹೊರಟಾಗಲೇ ಅದನ್ನು ಯಾವ್ಯಾವ ಸ್ಕ್ರಿಪ್ಟ್ ಬಳಸುತ್ತಿದೆ ಎಂಬುದು ಬೆಳಕಿಗೆ ಬರುತ್ತದೆ. ಕ್ಲೌಡ್‌ಫ್ಲೇರ್ ಕಂಪನಿಯ ಪ್ರಕರಣ ಇದನ್ನು ಚೆನ್ನಾಗಿ ತೋರಿಸುತ್ತದೆ. ಲಾಗಿನ್ ಸೇವೆ ಒದಗಿಸುವ ಓಕ್ಟಾ ಕಂಪನಿಯಲ್ಲಿ 2023ರ ಅಕ್ಟೋಬರ್‌ನಲ್ಲಿ ಆದ ಕಳವಿನಲ್ಲಿ ಕ್ಲೌಡ್‌ಫ್ಲೇರ್‌ನ ಪಾಸ್‌ವರ್ಡ್, ಟೋಕನ್‌ಗಳೂ ಸಾವಿರಗಟ್ಟಲೆ ಹೋದವು. ಕಂಪನಿ ಅವುಗಳನ್ನು ಬದಲಾಯಿಸಿತು. ಆದರೆ ಒಂದು ಟೋಕನ್ ಮತ್ತು ಮೂರು ಸರ್ವಿಸ್ ಅಕೌಂಟ್‌ಗಳು ಬಳಕೆಯಲ್ಲಿಲ್ಲ ಎಂಬ ತಪ್ಪು ನಂಬಿಕೆಯಿಂದ ಬಿಟ್ಟುಹೋದವು. ನವೆಂಬರ್ ಮಧ್ಯದಲ್ಲಿ ದಾಳಿಕೋರರು ಅವುಗಳನ್ನೇ ಬಳಸಿ ಕಂಪನಿಯ ಒಳಗಿನ ದಾಖಲೆಗಳಿಗೂ ಸೋರ್ಸ್ ಕೋಡಿಗೂ ಕೈ ಹಾಕಿದರು. ನವೆಂಬರ್ 23ರಂದು ಇದು ಪತ್ತೆಯಾಯಿತು. ಆಮೇಲೆ ಕಂಪನಿ 5000ಕ್ಕೂ ಹೆಚ್ಚು ಪಾಸ್‌ವರ್ಡ್, ಕೀಗಳನ್ನು ಹೊಸದಾಗಿ ಬದಲಾಯಿಸಿತು. ಬಳಕೆಯಲ್ಲಿಲ್ಲದ ಖಾತೆಯನ್ನು ಬದಲಾಯಿಸದೆ ಬಿಡುವ ಬದಲು ಮುಚ್ಚಿಯೇ ಬಿಟ್ಟಿದ್ದರೆ, ಅದು ನಿಜವಾಗಿಯೂ ಬಳಕೆಯಲ್ಲಿದೆಯೇ ಎಂಬುದು ಆಗಲೇ ಗೊತ್ತಾಗುತ್ತಿತ್ತು.

ಎರಡು ಖಾತೆಗಳ ಸರದಿ

ಒಂದೇ ಖಾತೆಯ ಪಾಸ್‌ವರ್ಡ್ ಬದಲಾಯಿಸಿದರೆ ಸರ್ವರ್ ಹೊಸದನ್ನು ಕೇಳುವ ಕ್ಷಣಕ್ಕೂ ಸ್ಕ್ರಿಪ್ಟಿನ ಫೈಲಿಗೆ ಹೊಸದು ಬರುವ ಕ್ಷಣಕ್ಕೂ ನಡುವೆ ಅಂತರ ಬೀಳುತ್ತದೆ. ಆ ಪಾಸ್‌ವರ್ಡನ್ನು ಎಲ್ಲೋ ಇನ್ನೊಂದು ಸ್ಕ್ರಿಪ್ಟ್ ಬಳಸುತ್ತಿದ್ದರೆ ಅದು ಅಲ್ಲಿಯೇ ನಿಂತುಬಿಡುತ್ತದೆ. ಈ ಭಯದಿಂದಲೇ ಅನೇಕ ಸಂಸ್ಥೆಗಳಲ್ಲಿ ಪಾಸ್‌ವರ್ಡ್ ವರ್ಷಗಟ್ಟಲೆ ಬದಲಾಗುವುದಿಲ್ಲ. ಒಂದೇ ಅಧಿಕಾರವಿರುವ ಎರಡು ಖಾತೆಗಳನ್ನು ಇಟ್ಟುಕೊಂಡು ಸರದಿಯ ಮೇಲೆ ಬಳಸುವುದು ಇದಕ್ಕೆ ಪರಿಹಾರ. ಈ ತಿಂಗಳು `backup_a` ಚಾಲ್ತಿಯಲ್ಲಿದ್ದರೆ `backup_b`ಗೆ ಲಾಗಿನ್ ಇರುವುದಿಲ್ಲ.

ಬದಲಾವಣೆಯ ದಿನ ಮೊದಲು `backup_b`ಗೆ ಹೊಸ ಪಾಸ್‌ವರ್ಡ್ ಕೊಟ್ಟು ಲಾಗಿನ್ ತೆರೆಯಲಾಗುತ್ತದೆ. ಆ ಹೆಸರನ್ನೂ ಪಾಸ್‌ವರ್ಡನ್ನೂ ಬ್ಯಾಕಪ್ ಯಂತ್ರದ ಫೈಲುಗಳಲ್ಲಿ ಬರೆದು ಹಗಲಿನಲ್ಲೇ ಒಮ್ಮೆ ಸ್ಕ್ರಿಪ್ಟನ್ನು ಕೈಯಿಂದ ಓಡಿಸಬೇಕು. ಸರ್ವರಿನಲ್ಲಿ `log_connections` ಚಾಲೂ ಇದ್ದರೆ ಬಂದದ್ದು `backup_b` ಎಂಬುದು ಲಾಗಿನಲ್ಲಿ ಕಾಣುತ್ತದೆ. ಇಷ್ಟಾದರೂ `backup_a` ಇನ್ನೂ ತೆರೆದೇ ಇರುತ್ತದೆ. ಕೆಲವು ದಿನ ಲಾಗನ್ನು ಗಮನಿಸಿ, ಆ ಹೆಸರಿನಲ್ಲಿ ಯಾರೂ ಬರುತ್ತಿಲ್ಲ ಎಂದು ಖಚಿತವಾದ ಮೇಲೆ ಅದನ್ನು ಮುಚ್ಚಬೇಕು:

```
ALTER ROLE backup_a NOLOGIN;
```

ಕಾಯುವ ಅವಧಿ ಎಷ್ಟು ಎಂಬುದನ್ನು ಅತಿ ಅಪರೂಪಕ್ಕೆ ಓಡುವ ಕೆಲಸ ನಿರ್ಧರಿಸುತ್ತದೆ. ವಾರಕ್ಕೊಮ್ಮೆ ಓಡುವ ವರದಿ ಇದ್ದರೆ ಒಂದು ವಾರ, ತಿಂಗಳ ಕೊನೆಯ ಲೆಕ್ಕವಿದ್ದರೆ ಆ ಲೆಕ್ಕ ಮುಗಿಯುವ ವರೆಗೆ. ಖಾತೆಯನ್ನು ಅಳಿಸದೆ ಮುಚ್ಚಿ ಇಡುವುದಕ್ಕೂ ಕಾರಣವಿದೆ. ಮರೆತುಹೋದ ಸ್ಕ್ರಿಪ್ಟೊಂದು ಎಲ್ಲಿಂದಲೋ ಹಳೆಯ ಹೆಸರಿನಲ್ಲಿ ಬಂದರೆ ಲಾಗಿನಲ್ಲಿ ಈ ಸಾಲು ಬೀಳುತ್ತದೆ:

```
FATAL:  role "backup_a" is not permitted to log in
```

ಯಾವ ವಿಳಾಸದಿಂದ ಬಂತು ಎಂಬುದನ್ನು ಅದೇ ಲಾಗಿನಲ್ಲಿ ಹುಡುಕಿ ಆ ಸ್ಕ್ರಿಪ್ಟನ್ನು ಸರಿಪಡಿಸಬಹುದು. ತುರ್ತು ಇದ್ದರೆ ಖಾತೆಯನ್ನು ಮತ್ತೆ ತೆರೆಯುವುದು ಒಂದೇ ಕಮಾಂಡಿನ ಕೆಲಸ. ಅಮೆಜಾನ್ ತನ್ನ ಪ್ರತಿ ಬಳಕೆದಾರ ಖಾತೆಗೆ ಎರಡು ಕೀಗಳ ವರೆಗೆ ಬಿಡುವುದರಿಂದ ಅಲ್ಲಿಯೂ ಇದೇ ಕ್ರಮ ನಡೆಯುತ್ತದೆ. ಹೊಸ ಕೀ ಹುಟ್ಟಿಸಿ, ಸ್ಕ್ರಿಪ್ಟ್‌ಗೆ ಕೊಟ್ಟು, `aws iam get-access-key-last-used` ಕಮಾಂಡಿನಿಂದ ಹಳೆಯ ಕೀ ಕೊನೆಗೆ ಬಳಕೆಯಾದದ್ದು ಯಾವಾಗ ಎಂದು ನೋಡಿ, ಮೊದಲು ನಿಷ್ಕ್ರಿಯಗೊಳಿಸಿ, ಆಮೇಲೆ ಅಳಿಸುವುದು.

ಪಾಸ್‌ವರ್ಡ್ ನಿಜವಾಗಿಯೂ ಬಯಲಾಗಿದ್ದರೆ ಈ ಕ್ರಮ ತಲೆಕೆಳಗಾಗಬೇಕು. ಆಗ ಮೊದಲು ಹಳೆಯ ಖಾತೆಗೆ ಬೀಗ, ಆಮೇಲೆ ಹೊಸ ಖಾತೆ. ಒಂದು ರಾತ್ರಿಯ ಬ್ಯಾಕಪ್ ತಪ್ಪಿದರೂ ನಷ್ಟ ಕಡಿಮೆ. `NOLOGIN` ಎಂದರೆ ಹೊಸದಾಗಿ ಒಳಬರುವುದು ಮಾತ್ರ ನಿಲ್ಲುತ್ತದೆ, ಆಗಲೇ ಒಳಗಿರುವ ಸಂಪರ್ಕ ಮುಂದುವರಿಯುತ್ತದೆ. ಅದನ್ನು `pg_terminate_backend` ಬಳಸಿ ಪ್ರತ್ಯೇಕವಾಗಿ ಕಡಿಯಬೇಕು.

ಇಪ್ಪತ್ತು ಬೈಟ್‌ನ ಬ್ಯಾಕಪ್

ರೊಟೇಶನ್‌ನಲ್ಲಿ ಆಗುವ ಕೆಟ್ಟ ಅನಾಹುತ ಸದ್ದಿಲ್ಲದೆ ಆಗುವಂಥದ್ದು. ಮೇಲಿನ ಹಳೆಯ ಕ್ರಾನ್ ಸಾಲನ್ನೇ ಮತ್ತೆ ನೋಡಬಹುದು. ಯಾರೋ ಸರ್ವರಿನಲ್ಲಿ ಪಾಸ್‌ವರ್ಡ್ ಬದಲಾಯಿಸಿ ಸ್ಕ್ರಿಪ್ಟನ್ನು ಮರೆತರು ಎಂದುಕೊಂಡರೆ, ಆ ರಾತ್ರಿ `pg_dump` ಲಾಗಿನ್ ಆಗಲಾರದೆ ಸೋಲುತ್ತದೆ. ಆದರೆ ಅದರ ಮುಂದಿರುವ `gzip`ಗೆ ಸೋಲೇನೂ ಇಲ್ಲ. ಒಳಗೆ ಏನೂ ಬಾರದಿದ್ದರೂ ಅದು ಏನೂ ಇಲ್ಲದ್ದನ್ನೇ ಕುಗ್ಗಿಸಿ ಸರಿಯಾದ ಒಂದು ಫೈಲು ಬರೆಯುತ್ತದೆ. ಶೆಲ್ ಕೊನೆಯ ಕಮಾಂಡಿನ ಫಲಿತಾಂಶವನ್ನೇ ಇಡೀ ಸಾಲಿನ ಫಲಿತಾಂಶ ಎಂದು ತಿಳಿಯುವುದರಿಂದ ಕೆಲಸ ಯಶಸ್ವಿ ಎಂದೇ ವರದಿಯಾಗುತ್ತದೆ. ಫೋಲ್ಡರಿನಲ್ಲಿ ಅಂದಿನ ದಿನಾಂಕದ ಫೈಲೂ ಇರುತ್ತದೆ. ಅದರ ಗಾತ್ರ 20 ಬೈಟ್. ಒಳಗೆ ಏನೂ ಇಲ್ಲದ ಜಿಜಿಪ್ ಫೈಲಿನ ಗಾತ್ರ ಅಷ್ಟೇ.

ಹಳೆಯ ನಕಲುಗಳನ್ನು 30 ದಿನಗಳ ನಂತರ ಅಳಿಸುವ ಇನ್ನೊಂದು ಸ್ಕ್ರಿಪ್ಟ್ ಇದ್ದರೆ ತಿಂಗಳೊಳಗೆ ಕೊನೆಯ ಒಳ್ಳೆಯ ನಕಲೂ ಹೋಗುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ `VALID UNTIL` ಎಂದು ಪಾಸ್‌ವರ್ಡಿಗೆ ಕೊನೆಯ ದಿನಾಂಕ ಹಾಕಿ ಮರೆತಾಗಲೂ ಇದೇ ಆಗುತ್ತದೆ. ಅವಧಿ ಮುಗಿದಿದೆ ಎಂದು ಅದು ಸ್ಕ್ರಿಪ್ಟ್‌ಗೆ ಹೇಳುವುದಿಲ್ಲ. ಪಾಸ್‌ವರ್ಡ್ ತಪ್ಪು ಎಂಬ ಸಾಮಾನ್ಯ ಉತ್ತರವನ್ನೇ ಕೊಡುತ್ತದೆ, ನಿಜವಾದ ಕಾರಣ ಸರ್ವರಿನ ಲಾಗಿನಲ್ಲಿ ಮಾತ್ರ ಇರುತ್ತದೆ.

ಇದನ್ನು ತಡೆಯಲು ಸ್ಕ್ರಿಪ್ಟನ್ನು ಬ್ಯಾಷ್‌ನಲ್ಲಿ ಬರೆದು ಮೊದಲಿಗೇ ಈ ಸಾಲು ಹಾಕುವುದು ರೂಢಿ:

```
set -euo pipefail
```

ಇದರಲ್ಲಿ `pipefail` ಇರುವುದರಿಂದ ಸರಣಿಯ ಯಾವ ಕಮಾಂಡ್ ಸೋತರೂ ಇಡೀ ಸಾಲು ಸೋತಂತೆ ಲೆಕ್ಕ. ಜೊತೆಗೆ ಫೈಲಿನ ಗಾತ್ರವನ್ನು ಹಿಂದಿನ ದಿನದ್ದರ ಜೊತೆ ಹೋಲಿಸಿ, ಅರ್ಧಕ್ಕಿಂತ ಕಡಿಮೆ ಇದ್ದರೆ ಎಚ್ಚರಿಕೆ ಕಳುಹಿಸುವ ತಪಾಸಣೆಯೂ ಬೇಕು. ಆ ತಪಾಸಣೆ ಬೇರೆ ಯಂತ್ರದಿಂದ ನಡೆದರೆ ಇನ್ನೂ ಒಳ್ಳೆಯದು. ಬ್ಯಾಕಪ್ ಯಂತ್ರವೇ ನಿಂತುಹೋದರೆ ತನ್ನ ಸುದ್ದಿಯನ್ನು ಅದು ತಾನೇ ಹೇಳಲಾರದು.

ಎಷ್ಟು ದಿನಕ್ಕೊಮ್ಮೆ

ಇದಕ್ಕೆ ಎಲ್ಲರಿಗೂ ಹೊಂದುವ ಒಂದೇ ಸಂಖ್ಯೆ ಇಲ್ಲ. ಕೈಯಿಂದ ಬದಲಾಯಿಸುವ ಕಡೆ 90 ದಿನ ಎಂಬ ರೂಢಿ ಇದೆ. ನೌಕರರೊಬ್ಬರು ಬಿಟ್ಟುಹೋದಾಗ, ಯಂತ್ರ ಬದಲಾದಾಗ, ಕಳವಿನ ಶಂಕೆ ಬಂದಾಗ ಅವಧಿಯನ್ನು ಲೆಕ್ಕಿಸದೆ ಬದಲಾಯಿಸಬೇಕು. ಕೈಯಿಂದ ಮಾಡುವ ಕೆಲಸ ಕ್ರಮೇಣ ಬಿಟ್ಟುಹೋಗುವುದರಿಂದ, ಸಾಧ್ಯವಿರುವ ಕಡೆ ಅದನ್ನು ವ್ಯವಸ್ಥೆಗೇ ಒಪ್ಪಿಸುವುದು ಒಳ್ಳೆಯದು. ವಿಂಡೋಸ್ ಸರ್ವರ್ 2012ರಿಂದ ಬಂದ ಗ್ರೂಪ್ ಮ್ಯಾನೇಜ್ಡ್ ಸರ್ವಿಸ್ ಅಕೌಂಟ್‌ಗಳ ಪಾಸ್‌ವರ್ಡನ್ನು ಬೇರೆ ಸೂಚನೆ ಇಲ್ಲದಿದ್ದರೆ 30 ದಿನಕ್ಕೊಮ್ಮೆ ಡೊಮೈನ್ ತಾನೇ ಬದಲಾಯಿಸುತ್ತದೆ, ಯಾವ ಮನುಷ್ಯನೂ ಅದನ್ನು ಟೈಪ್ ಮಾಡುವುದಿಲ್ಲ. ಬ್ಯಾಕಪ್ ಯಂತ್ರ ಅಮೆಜಾನ್ ಕ್ಲೌಡಿನಲ್ಲೇ ಇದ್ದರೆ ಆ ಯಂತ್ರಕ್ಕೇ ಒಂದು ರೋಲ್ ಕೊಡಬಹುದು. ಆಗ ಸ್ಕ್ರಿಪ್ಟ್‌ಗೆ ಕೆಲವು ಗಂಟೆಗಳಲ್ಲಿ ಸತ್ತುಹೋಗುವ ತಾತ್ಕಾಲಿಕ ಕೀ ಸಿಗುತ್ತದೆ, ಫೈಲಿನಲ್ಲಿ ಬರೆದಿಡಬೇಕಾದ ಕೀ ಇರುವುದೇ ಇಲ್ಲ.

ಇವೆಲ್ಲಕ್ಕೂ ಆಧಾರವಾಗಿ ಒಂದು ಪಟ್ಟಿ ಇರಬೇಕು. ಪ್ರತಿ ಸರ್ವಿಸ್ ಅಕೌಂಟ್‌ನ ಹೆಸರು, ಅದು ಮಾಡುವ ಕೆಲಸ, ಓಡುವ ಯಂತ್ರ, ಅದಕ್ಕಿರುವ ಅಧಿಕಾರ, ಕೊನೆಗೆ ಬದಲಾಯಿಸಿದ ದಿನ, ಅದಕ್ಕೆ ಹೊಣೆಯಾದ ವ್ಯಕ್ತಿ, ಇಷ್ಟು ವಿವರ ಅದರಲ್ಲಿ ಇರಬೇಕು. ಹೊಣೆಗಾರರ ಹೆಸರು ಖಾಲಿ ಇರುವ ಖಾತೆಯನ್ನು ಮೊದಲು `NOLOGIN` ಮಾಡಿ ಲಾಗನ್ನು ಗಮನಿಸಬೇಕು. ಒಂದು ತಿಂಗಳ ಲೆಕ್ಕವೂ ಮುಗಿದು ಯಾರೂ ಕೇಳಿಕೊಂಡು ಬಾರದಿದ್ದರೆ ಆ ಖಾತೆಯನ್ನು ಅಳಿಸಬಹುದು.